ಬಸವಪ್ರಸಾದನ ಫೋನಿನಲ್ಲಿದ್ದ ಮೂವರು ಮೇಡಂಗಳು

ಹುಣಸೂರಿನಲ್ಲಿ ನಮ್ಮ ಎದುರುಮನೆ ಬಸವಪ್ರಸಾದನ ಬಳಿ ಇಲ್ಲದ ಫೋನ್ ನಂಬರೇ ಇರಲಿಲ್ಲ. ಹದಿನೆಂಟು ವರ್ಷ ಮನೆಮನೆಗೆ ಕೇಬಲ್ ಎಳೆದವನು. ಕೇಬಲ್ ಕೇಳುವವರಿಲ್ಲದಾಗ ಆಪ್ ಕಂಪನಿಯೊಂದಕ್ಕೆ ಸೇರಿ ಊಟ ತಲುಪಿಸತೊಡಗಿದ. ನಂಬರು ಕೂಡಿಡುವ ಚಟ ಮಾತ್ರ ಬಿಡಲಿಲ್ಲ. ಬೆಳಗಾದರೆ ಎಲ್ಲರಿಗೂ ಗುಲಾಬಿ, ಕಾಫಿ ಲೋಟದ ಗುಡ್ ಮಾರ್ನಿಂಗ್ ಚಿತ್ರ ಹೋಗಲೇಬೇಕು. ಅದನ್ನವನು ಸಮಾಜಸೇವೆ ಎಂದುಕೊಂಡಿದ್ದ.

ಮೊದಲ ವಾರವೇ, ಊಟ ತರಿಸಿದ್ದ ಕಲ್ಕುಣಿಕೆ ಬಡಾವಣೆಯ ಮೇಡಂ ಒಬ್ಬರದೆಂದು ಆಪಿನಲ್ಲಿ ಬಂದ ನಂಬರ್ ಸೇವ್ ಮಾಡಿಕೊಂಡ. ಎರಡು ದಿನ ಬಿಟ್ಟು ಒಬ್ಬ ಡಾಕ್ಟರ ನಂಬರ್ ಸೇರಿಸಲು ಹೋದರೆ ಅದೂ ಅದೇ ನಂಬರು. ಗುಲಾಬಿ ಕಳಿಸೋಣವೆಂದರೆ ಅದಕ್ಕೆ ವಾಟ್ಸಾಪ್ ಇಲ್ಲ. ಕರೆ ಮಾಡಿದರೆ, ನಿಮಗೆ ಈಗ ಯಾವ ಆರ್ಡರೂ ಇಲ್ಲ ಎಂದು ರೆಕಾರ್ಡ್ ಮಾಡಿದ ದನಿ.

ಜೊತೆಗೆ ಡೆಲಿವರಿ ಮಾಡುವ ವಸಂತ್ ಬಿಡಿಸಿ ಹೇಳಿದ. ಅದು ಗಿರಾಕಿಯ ನಂಬರಲ್ಲ. ಕಂಪನಿ ಇಟ್ಟುಕೊಂಡ ನಂಬರುಗಳಲ್ಲಿ ಒಂದನ್ನು ಆ ಆರ್ಡರಿಗೆ ಮಾತ್ರ ಎರವಲು ಕೊಟ್ಟಿರುತ್ತಾರೆ. ಕರೆ ಮೊದಲು ಕಂಪ್ಯೂಟರಿಗೆ ಹೋಗುತ್ತದೆ. ಯಾರ ಫೋನಿನಿಂದ ಬಂತು, ಅವನ ಕೈಲಿ ಯಾವ ಆರ್ಡರ್ ಇದೆ ಎಂದು ನೋಡಿ ಅದು ಗಿರಾಕಿಗೆ ಜೋಡಿಸುತ್ತದೆ. ಗಿರಾಕಿಗೂ ಇವನ ನಂಬರ್ ಕಾಣುವುದಿಲ್ಲ. ಊಟ ತಲುಪಿ ಸ್ವಲ್ಪ ಹೊತ್ತಿಗೆ ಆ ಸಂಬಂಧ ಮುಗಿದು, ನಂಬರು ಇನ್ನೊಬ್ಬರ ಪಾಲಿಗೆ ಹೋಗುತ್ತದೆ. ಆರ್ಡರ್ ಮುಗಿದ ಮೇಲೆ ಯಾರೂ ಗಿರಾಕಿಗಳನ್ನು ಪೀಡಿಸಬಾರದೆಂದೇ ಇದು.

"ನಾನೇನು ಪೀಡಿಸೋನಂಗೆ ಕಾಣ್ತೀನೇನ್ಲಾ?" ಅಂದ ಬಸವಪ್ರಸಾದ್. ಹದಿನೆಂಟು ವರ್ಷ ಊರಿನ ಟಿವಿ ಕಾಪಾಡಿದ ಮಹಾನುಭಾವನಿಗೆ ಇಂಥ ಅವಮಾನ! ಮರುದಿನದಿಂದ ಬಾಗಿಲಲ್ಲೇ, ಆಪ್ ಕಾಲ್ ಸರಿ ಸಿಗ್ತಿಲ್ಲ, ನಿಮ್ಮ ಸ್ವಂತ ನಂಬರ್ ಕೊಡಿ ಮೇಡಂ ಎನ್ನತೊಡಗಿದ. ಪಾಪ, ಮೂವರು ಕೊಟ್ಟರು. ಮೂವರಿಗೂ ದಿನವೂ ಗುಲಾಬಿ ಹೋಯಿತು. ಉತ್ತರ ಬರಲಿಲ್ಲ. ಕೆಲಸ ಜಾಸ್ತಿ ಇರಬೇಕು ಎಂದು ಅವರ ಮೇಲೆ ಇವನೇ ಮರುಕಪಟ್ಟ.

ಆ ತಿಂಗಳೇ ಅವನ ಮಗಳು ಐಶ್ವರ್ಯ ಮೈಸೂರಿನ ಕಾಲೇಜಿಗೆ ಹೋಗುವುದಿಲ್ಲವೆಂದು ಕೂತಳು. ಬಸ್‌ಸ್ಟ್ಯಾಂಡಿನಿಂದ ಕಾಲೇಜಿಗೆ ಆಪಿನ ಆಟೋ ಹತ್ತುವವಳು. ಒಬ್ಬ ಡ್ರೈವರ್, ಆಪ್ ಕಾಲ್ ಸರಿ ಸಿಗ್ತಿಲ್ಲವೆಂದು ಅವಳ ಸ್ವಂತ ನಂಬರ್ ಕೇಳಿದ್ದ, ಇವಳು ಕೊಟ್ಟಿದ್ದಳು. ಈಗ ದಿನವೂ ಮೆಸೇಜು, ಊಟ ಆಯ್ತಾ, ಯಾಕೆ ಮಾತಾಡಲ್ಲ. ಅವನು ಕಾಲೇಜಿನ ಗೇಟಿನಲ್ಲೇ ಕಾಯುತ್ತಾನೇನೋ ಎಂದು ಅವಳಿಗೆ ಹೆದರಿಕೆ.

ಬಸವಪ್ರಸಾದ್ ಅವನ ಕೈಕಾಲು ಮುರಿಯುತ್ತೇನೆಂದು ಬೀದಿಗೆಲ್ಲ ಕೇಳುವಂತೆ ಕೂಗಾಡಿ, ಮಗಳ ಫೋನ್ ಕಿತ್ತುಕೊಂಡು ಆ ಡ್ರೈವರನ ಮೊದಲ ಮೆಸೇಜಿನವರೆಗೆ ಹೋದ. ಅಲ್ಲಿತ್ತು ಗುಲಾಬಿ, ಕಾಫಿ ಲೋಟ.

"ಇದ್ನ ನೀನೂ ಕಳಿಸ್ತೀಯಲ್ಲಪ್ಪ," ಅಂದಳು ಐಶ್ವರ್ಯ.

ಡ್ರೈವರನನ್ನು ಬ್ಲಾಕ್ ಮಾಡಿಸಿ, ಆಪಿಗೆ ದೂರು ಕೊಡಿಸಿ, ಒಂದು ವಾರ ತಾನೇ ಮಗಳ ಜೊತೆ ಕಾಲೇಜಿನವರೆಗೂ ಹೋಗಿಬಂದ. ಅವಳು ಮತ್ತೆ ಓದತೊಡಗಿದಳು.

ಮೊನ್ನೆ ನಮ್ಮ ಮನೆಗೂ ಊಟ ತಂದ. ಬೀದಿಯ ಕೊನೆಗೆ ಹೊಸದಾಗಿ ಬಂದ ಮೀನಾ ಟೀಚರ್ ನಮ್ಮ ಜಗುಲಿಯಲ್ಲಿದ್ದರು. ನಾನು ಊಟ ತರಿಸಿದಾಗ ಮನೆ ಹುಡುಕೋದು ಕಷ್ಟವಾದರೆ ನನ್ನ ನಂಬರ್ ಬರ್ಕೊಳ್ಳಿ ಎಂದು ಅವರೇ ಹೇಳಿದರು. ಬಸವಪ್ರಸಾದ್ ಫೋನನ್ನು ಜೇಬಿನಿಂದ ತೆಗೆಯಲೇ ಇಲ್ಲ.

"ಬ್ಯಾಡ ಬುಡಿ ಮೇಡಂ. ನಂಗೂ ಒಬ್ಳು ಮಗ್ಳವ್ಳೆ."