ಅರಳದ ಕಾಳಿಗೆ ಐದು ನಿಮಿಷ

ಹರಿಹರದ ಊರಮ್ಮನಿಗೆ ನಲವತ್ತೆರಡು. ಅಪ್ಪ ಅಂಗಡಿ ಬೋರ್ಡು ಬರೆಯುತ್ತಿದ್ದರು. ಅವರ ಕೈ ನಡುಗತೊಡಗಿದ ಮೇಲೆ ಏಣಿ ಹತ್ತಿದವಳು ಇವಳು. ಹೆಂಗಸು ಏಣಿ ಹತ್ತಿದಳೆಂದು ಕೆಳಗೆ ನಿಂತು ನೋಡುತ್ತಿದ್ದವರ ಮೇಲೆ ಒಂದೆರಡು ಸಲ ಬೇಕೆಂದೇ ಬಣ್ಣ ಸಿಡಿಸಿದ್ದೂ ಉಂಟು. ಫ್ಲೆಕ್ಸ್ ಬಂದು ಕುಂಚದ ಕೆಲಸ ನಿಂತಾಗ ಅವಳು ಅಳುತ್ತಾ ಕೂರಲಿಲ್ಲ. ಮೂವತ್ತಾರನೇ ವಯಸ್ಸಿನಲ್ಲಿ ಗಾಜಿನ ಹಲಗೆಯ ಮೇಲೆ ಪ್ಲಾಸ್ಟಿಕ್ ಪೆನ್ನು ಆಡಿಸಿ ಚಿತ್ರ ಬಿಡಿಸುವುದನ್ನು ಕಲಿತಳು. ಈಗ ದಿನಾ ಬೆಳಿಗ್ಗೆ ಬಸ್ಸು ಹಿಡಿದು ದಾವಣಗೆರೆಗೆ ಬಂದು, ವಿದ್ಯಾನಗರದ ಒಂದು ಮಹಡಿ ಮೇಲಿನ ಪುಟ್ಟ ಆನಿಮೇಷನ್ ಸ್ಟುಡಿಯೋದಲ್ಲಿ ಹಿನ್ನೆಲೆಯ ಗೋಡೆ, ಮರ, ಆಕಾಶ ಬರೆಯುತ್ತಾಳೆ.

ಸ್ಟುಡಿಯೋದ ಯಜಮಾನ ಕೊಟ್ಟೂರೇಶ್ ಇವಳಿಗಿಂತ ಹತ್ತು ವರ್ಷ ಚಿಕ್ಕವನು. ಸೀರೆ ಅಂಗಡಿ, ಸೈಟು, ಟ್ಯೂಷನ್ ಜಾಹೀರಾತು ಮಾಡಿ ಸಾಕಾಗಿದ್ದ ಅವನಿಗೆ ಮಕ್ಕಳ ಕಿರುಚಿತ್ರಗಳಿಗೆ ನೆರವು ಕೊಡುವ ಒಂದು ಯೋಜನೆಯ ಸುದ್ದಿ ಸಿಕ್ಕಿತು. ಐದು ನಿಮಿಷದ ಚಿತ್ರ. ಸೋಮವಾರದೊಳಗೆ ಒಂದು ಪುಟದಲ್ಲಿ, ಮೂರು ಅಂಕಗಳಲ್ಲಿ, ಕಥೆಯ ಹಂದರ ಕಳಿಸಬೇಕು. ಎಲ್ಲರೂ ಒಂದೊಂದು ಸಾಲು ಬರೆದು ಕೊಡಿ ಎಂದ. ಊರಮ್ಮ ಬರೆದದ್ದು: ಮಂಡಕ್ಕಿ ಭಟ್ಟಿಯಲ್ಲಿ ಅರಳಲು ಒಪ್ಪದ ಒಂದು ಕಾಳು.

ಆ ಸಾಲೇ ಆಯ್ಕೆಯಾಯಿತು. ಹಂದರವನ್ನೂ ತಾನೇ ಬರೆಯುತ್ತೇನೆ ಎಂದಳು. ಕಥೆಯ ವಿಭಾಗ ನೋಡಿಕೊಳ್ಳುವ ಹುಡುಗಿ ರಶ್ಮಿತಾ ಹುಬ್ಬೇರಿಸಿದಳೇ ಹೊರತು ಬೇಡವೆನ್ನಲಿಲ್ಲ.

ಗುರುವಾರ ಊರಮ್ಮ ತಂದ ಪುಟವನ್ನು ರಶ್ಮಿತಾ ಗಟ್ಟಿಯಾಗಿ ಓದಿದಳು. "ಮೊದಲನೇ ಅಂಕ, ಎಲ್ಲಾ ಅರಳಿದವು, ಕಾಳು ಒಪ್ಪಲಿಲ್ಲ. ಎರಡನೇ ಅಂಕ, ಬೆಂಕಿ ಜಾಸ್ತಿಯಾಯಿತು, ಕಾಳು ಒಪ್ಪಲಿಲ್ಲ. ಮೂರನೇ ಅಂಕ, ಆದರೂ ಒಪ್ಪಲಿಲ್ಲ." ಪುಟ ಕೆಳಗಿಟ್ಟಳು. "ಅಕ್ಕ, ಇದು ಬೋರ್ಡು. ಒಂದೇ ಮಾತು, ಮೂರು ಸೈಜ್‌ನಾಗೆ."

"ಹಟ ಅಂದ್ರೆ ಹಂಗೇ ಇರ್ತದವ್ವ."

"ಹಟ ಇರ್ಲಿ. ಐದು ನಿಮಿಷ ಬ್ಯಾಡ ಬ್ಯಾಡ ಅಂತ ಕುಂತಿದ್ರೆ ಮಕ್ಕಳು ಎದ್ದು ಹೋಗ್ತಾವೆ. ಅದಕ್ಕೆ ಏನು ಬ್ಯಾಡ ಅಂತ ಗೊತ್ತಾತು. ಏನು ಬೇಕು? ಅದನ್ನ ಪಡೆಯಾಕೆ ಅದು ಏನು ಮಾಡ್ತದೆ? ಮಾಡಿದಷ್ಟೂ ಕಷ್ಟ ಹೆಂಗೆ ಹೆಚ್ಚಾಗ್ತದೆ?"

ಕೊಟ್ಟೂರೇಶ್ ತನ್ನ ಕುರ್ಚಿಯಿಂದಲೇ ಹೇಳಿದ. "ಕೊನೀಗೆ ಅರಳಿಸಿಬಿಡ್ರಿ ಅಕ್ಕ. ಮಕ್ಕಳಿಗೆ ಒಂದು ನೀತಿ ಸಿಕ್ತದೆ. ರಶ್ಮಿತಾ ಅರ್ಧ ಗಂಟೆಯಾಗೆ ಬರೆದು ಕೊಡ್ತಾಳೆ."

ಊರಮ್ಮ ಪುಟದ ಮೇಲೆ ಕೈ ಇಟ್ಟಳು. ಹಂದರ ಕೈ ತಪ್ಪಿದರೆ ಕಾಳೂ ಕೈ ತಪ್ಪುತ್ತದೆ. ಮತ್ತೆ ತಾನು ಬೇರೆಯವರ ಕಥೆಯ ಹಿಂದೆ ಗೋಡೆ ಬರೆಯಬೇಕು. "ಶನಿವಾರದ ತನಕ ಬಿಡ್ರಿ ಸರ್. ಯಾರೂ ಮುಟ್ಟಬ್ಯಾಡ್ರಿ," ಎಂದು ಪುಟವನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು.

ಮಾರನೇ ಬೆಳಿಗ್ಗೆ ಅವಳು ಸ್ಟುಡಿಯೋಗೆ ಹೋಗಲಿಲ್ಲ. ಹಿಂದೊಮ್ಮೆ ತಾನೇ ಬೋರ್ಡು ಬರೆದುಕೊಟ್ಟಿದ್ದ ದಾವಣಗೆರೆಯ ಮಂಡಕ್ಕಿ ಭಟ್ಟಿಗೆ ಹೋದಳು. ಅಲ್ಲಿ ಜರಡಿ ಹಿಡಿಯುವ ದಿಲ್ಷಾದ್ ಬೇಗಂ ಹಳೇ ಪರಿಚಯ. ಹೊಗೆ ಕುಡಿದು ಕಪ್ಪಾದ ಗೋಡೆ, ಬಾಣಲೆಯಲ್ಲಿ ಕಾದ ಮರಳು. ಉಪ್ಪು ಹಚ್ಚಿದ ಅಕ್ಕಿ ಮರಳಿಗೆ ಬಿದ್ದು ಮಲ್ಲಿಗೆಯ ಹಾಗೆ ಅರಳುವುದು, ಅದನ್ನೆತ್ತಿ ಜರಡಿಗೆ ಸುರಿಯುವುದು, ಎಲ್ಲವೂ ಉಸಿರು ಬಿಡುವಷ್ಟರಲ್ಲಿ.

"ಅರಳದೇ ಇದ್ದದ್ದು ಎಲ್ಲಿ ಹೋಗ್ತದೆ ದಿಲ್ಷಾದಕ್ಕ?"

"ಎಲ್ಲಿ ಹೋಗ್ತದೆ, ಮರಳಿನ ಜೊತೀಗೆ ಕೆಳಗೆ ಬೀಳ್ತದೆ. ಮರಳು ವಾಪಸ್ ಬಾಣಲೆಗೆ, ಅದೂ ವಾಪಸ್." ಬೇಗಂ ಮುಷ್ಟಿ ಮರಳೆತ್ತಿ ತೋರಿಸಿದಳು. ಒಳಗೆ ಇದ್ದಿಲಿನಂಥ ಕಾಳುಗಳು. "ಒಂದು ಸಲ ಅರಳಲಿಲ್ಲ ಅಂದ್ರೆ ಖತಂ. ಒಳಗಿನ ಪಸೆ ಹೋತು. ಸುತ್ತಿ ಸುತ್ತಿ ಕರ್ರಗಾಗ್ತದೆ."

ಊರಮ್ಮ ಅರ್ಧ ದಿನ ಅಲ್ಲೇ ಕೂತಳು. ಸೀಳಿದ ಮಂಡಕ್ಕಿಯೊಳಗೆ ಸಿಕ್ಕಿಕೊಂಡು ಬಿಳಿ ರಾಶಿಯವರೆಗೂ ಬಂದ ಒಂದು ಕಪ್ಪು ಕಾಳನ್ನು ಬೇಗಂ ಆರಿಸಿ ಮರಳಿಗೆ ಎಸೆದದ್ದನ್ನು ಕಂಡಳು. ಆಗಾಗ ಜರಡಿಯ ಕಣ್ಣು ಕಟ್ಟಿಕೊಳ್ಳುತ್ತಿತ್ತು. ಬೇಗಂ ಬೈಯುತ್ತಾ ಅದನ್ನು ಬಾಗಿಲಾಚೆ ಒಯ್ದು, ಮಗುಚಿ, ಕಲ್ಲಿಗೆ ಕುಟ್ಟುತ್ತಿದ್ದಳು. ಮೂರನೇ ಸಲ ಕುಟ್ಟಿದಾಗ ಊರಮ್ಮ ಎದ್ದು ನಿಂತಳು.

"ಇನ್ನೊಂದು ಸಲ ಕುಟ್ರಿ ಅಕ್ಕ."

"ನಿನಗೇನಾಗೈತೆ ಬೆಳಿಗ್ಗಿಂದ?" ಎಂದಳು ಬೇಗಂ. ಆದರೂ ಕುಟ್ಟಿದಳು.

ಹರಿಹರದ ಬಸ್ಸಿನಲ್ಲಿ ತೊಡೆಯ ಮೇಲೆ ಪುಟವಿಟ್ಟುಕೊಂಡು ಮೊದಲು ಮುನ್ನೂರು ಸೆಕೆಂಡನ್ನು ಹಂಚಿದಳು. ಎಪ್ಪತ್ತೈದು, ನೂರೈವತ್ತು, ಎಪ್ಪತ್ತೈದು. ಏಣಿ ಹತ್ತುವ ಮುಂಚೆ ಗೋಡೆಯನ್ನು ದಾರ ಹಿಡಿದು ಅಳೆಯುತ್ತಿದ್ದ ಕೈಗೆ ಅದು ಹೊಸದೆನಿಸಲಿಲ್ಲ.

ಶನಿವಾರ ಅವಳು ಪುಟವನ್ನು ರಶ್ಮಿತಾಳ ಕೈಗೆ ಕೊಡಲಿಲ್ಲ. ತಾನೇ ನಿಂತು ಓದಿದಳು.

"ಮೊದಲನೇ ಅಂಕ. ಗೆಳೆಯರೆಲ್ಲ ಅರಳಿ ಹಾರ್ತಾರೆ. ನಮ್ಮ ಕಾಳು ಮೈ ಬಿಗಿ ಹಿಡಿದು, ಮರಳಿನ ಜೊತೆ ಕೆಳಗೆ ಬೀಳ್ತದೆ. ಅಲ್ಲಿ ಕಪ್ಪು ಕಾಳುಗಳನ್ನ ನೋಡಿ, ಮುಂದೆ ತನಗೇನು ಕಾದೈತೆ ಅಂತ ತಿಳೀತದೆ. ಹೆಂಗೈತೋ ಹಂಗೇ ಈ ಭಟ್ಟಿಯಿಂದ ಆಚೆ ಹೋಗಬೇಕು ಅಂತ ಹಟ ತೊಡ್ತದೆ. ಎಪ್ಪತ್ತೈದು ಸೆಕೆಂಡ್."

ರಶ್ಮಿತಾ ಪೆನ್ನು ಆಡಿಸುವುದನ್ನು ನಿಲ್ಲಿಸಿದಳು.

"ಎರಡನೇದು. ಜರಡಿಯ ಅಂಚು ಹತ್ತಿ ಜಾರ್ತದೆ, ವಾಪಸ್ ಬೆಂಕಿಗೆ. ಆಮೇಲೆ ಸೀಳಿದ ಮಂಡಕ್ಕಿ ಒಳಗೆ ಅಡಗಿ ಬಿಳಿ ರಾಶಿ ಸೇರ್ತದೆ. ಗೆದ್ದೆ ಅಂತ ತಲೆ ಎತ್ತಿದ್ದೇ ತಪ್ಪು. ಸುಟ್ಟ ಮೈ ಬಿಳಿ ರಾಶಿಯಾಗೆ ಎದ್ದು ಕಾಣ್ತದೆ, ಒಂದು ಕೈ ಬಂದು ಆರಿಸಿ ಒಗೀತದೆ. ಮತ್ತೆ ಬೆಂಕಿ. ಈಗ ಬಾಣಲೆಯ ತಳ. ಸುಟ್ಟ ಕಾಳುಗಳು, ಬಾ, ಇಲ್ಲೇ ಮಲಗು ಅಂತಾವೆ. ನೂರೈವತ್ತು."

"ಅಡಗಿದ್ದಕ್ಕೇ ಸಿಕ್ಕಿಬಿತ್ತು," ಎಂದಳು ರಶ್ಮಿತಾ ಮೆಲ್ಲಗೆ.

"ಹೌದು. ಅದಕ್ಕೆ ಮೂರನೇದರಾಗೆ ಅಡಗಲ್ಲ. ಜರಡಿಯ ಕಣ್ಣಾಗೆ ಅಡ್ಡ ನಿಲ್ತದೆ. ಉಳಿದ ಸುಟ್ಟ ಕಾಳುಗಳೂ ಬಂದು ಒಂದೊಂದು ಕಣ್ಣಾಗೆ ನಿಲ್ತಾವೆ. ಮರಳು ಇಳಿಯಲ್ಲ, ಕೆಲಸ ನಿಲ್ತದೆ. ಸಿಟ್ಟಿಗೆ, ಆರಿಸಿ ಒಗೆದ ಹೆಂಗಸೇ ಜರಡಿ ಹೊತ್ತು ಬಾಗಿಲಾಚೆ ಕುಟ್ತಾಳೆ. ಕಾಳು ಬೀದಿಗೆ ಬೀಳ್ತದೆ. ಬಿಸಿಲು. ಒಂದು ಇರುವೆ ಬಂದು ಕಚ್ಚಿ ನೋಡ್ತದೆ, ಹಲ್ಲು ಇಳಿಯಲ್ಲ, ಹೋಗ್ತದೆ. ಎಪ್ಪತ್ತೈದು. ಮುಗೀತು."

ಕೊಟ್ಟೂರೇಶ್ ಗಡ್ಡ ಕೆರೆದುಕೊಂಡ. "ಚಲೋ ಐತೆ. ಆದ್ರೆ ಬೀದಿಯಾಗೆ ಬಿದ್ದ ಮೇಲೆ ಅರಳಿದ್ರೆ?"

"ಪಸೆ ಹೋಗೈತೆ ಸರ್. ಅರಳಲ್ಲ."

"ಮೊಳಕೆ ಒಡೆಸ್ರಿ ಹಂಗಾದ್ರೆ. ಮಳೆ ಬಂತು, ಹಸಿರು ಬಂತು. ನೋಡಾಕೂ ಚೆಂದ."

"ಭತ್ತ ಬೇಯಿಸಿ, ಮಿಲ್ಲಿಗೆ ಹಾಕಿ ತೆಗೆದ ಅಕ್ಕಿ ಅದು. ಮೊಳಕೆ ಎಲ್ಲಿಂದ ಬರ್ಬೇಕು?"

"ಮಕ್ಕಳಿಗೆ ಇದೆಲ್ಲ ಗೊತ್ತಾಗ್ತದಾ?"

"ದಾವಣಗೆರೆ ಮಕ್ಕಳಿಗೆ ಗೊತ್ತಾಗ್ತದೆ." ಊರಮ್ಮ ಪುಟವನ್ನು ಮೇಜಿನ ಮೇಲಿಟ್ಟಳು. "ಅರಳಾಕೆ ಬರೋಹಂಗಿದ್ರೂ ನಾನು ಅರಳಿಸ್ತಿರ್ಲಿಲ್ಲ ಸರ್. ಕೊನೀಗೆ ಎಲ್ಲರಂಗೆ ಆದ್ರೆ ಎರಡೂವರೆ ನಿಮಿಷ ಅದು ಸುಟ್ಟುಕೊಂಡಿದ್ದು ಯಾಕೆ? ಅರಳಿಸಲೇಬೇಕು ಅಂದ್ರೆ ನನ್ನ ಹೆಸರು ತೆಗೀರಿ. ಆ ಒಂದು ಸಾಲೂ ವಾಪಸ್ ಕೊಡ್ರಿ. ಯೋಜನೆಯೋರು ಸ್ಟುಡಿಯೋ ಇಲ್ದಿದ್ರೂ ಒಬ್ಬರೇ ಕಳಿಸಬಹುದು ಅಂದಾರೆ, ಓದೀನಿ."

ಕೊಟ್ಟೂರೇಶ್ ಪುಟವನ್ನು ಎಳೆದುಕೊಂಡ. ಮೊದಲಿನಿಂದ ಕೊನೆಯವರೆಗೆ ಬೆರಳಿಟ್ಟು ಓದಿದ. ಪೆನ್ಸಿಲ್ ತೆಗೆದ. ಕೊನೆಯ ಸಾಲಿನ ಮೇಲೆ ಅದು ಬಹಳ ಹೊತ್ತು ನಿಂತಿತು. ಹೊಡೆದು ಹಾಕುತ್ತಾನೆಂದು ಊರಮ್ಮ ಚೀಲವನ್ನು ಹೆಗಲಿಗೆ ಏರಿಸಿಕೊಂಡಳು.

"ಈ ಇರುವೆದು ಎಷ್ಟು ಸೆಕೆಂಡ್ ಇಟ್ಟೀರಿ?"

"ಎಂಟು."

"ಹನ್ನೆರಡು ಮಾಡ್ರಿ. ನೋಡೋರಿಗೆ ಸಂಕಟ ಆಗ್ಲಿ."

"ಎಂಟೇ ಇರ್ಲಿ ಸರ್," ಎಂದಳು ಊರಮ್ಮ. "ಹನ್ನೆರಡಾದ್ರೆ ಅಳು ಬರ್ತದೆ. ಅದು ಯಾರನ್ನೂ ಅಳಿಸಾಕೆ ಆಚೆ ಬಂದಿಲ್ಲ."

ಕೊಟ್ಟೂರೇಶ್ ಇರುವೆಯ ಪಕ್ಕದಲ್ಲಿ ಎಂಟು ಎಂದು ಬರೆದು, ಟೈಪು ಮಾಡಲು ಪುಟವನ್ನು ರಶ್ಮಿತಾಳತ್ತ ತಳ್ಳಿದ.