ಗುರಿ ಬರೆಸಿದ ದಿನ

ಕೊಟ್ಟಾರದ ನಮ್ಮ ಹೊಸ ಸ್ಟಾರ್ಟಪ್‌ನಲ್ಲಿ ಮಾರ್ಕೆಟಿಂಗ್‌ಗೆ ಇದ್ದವರು ಐದೇ ಮಂದಿ. ನನ್ನನ್ನು ತಂಡದ ಲೀಡ್ ಮಾಡಿದ ಮೇಲೆ ಮುಂದಿನ ಮೂರು ತಿಂಗಳ ಗುರಿ ಬರೆಸುವ ಕೆಲಸ ನನ್ನ ಪಾಲಿಗೆ ಬಂತು. ಅಂಗಡಿಯವರು ಸಾಮಾನು ತರಿಸಲು ನಮ್ಮ ಆ್ಯಪನ್ನು ನಂಬಬೇಕು ಎಂಬುದು ಗುರಿ. ಅದು ಈಡೇರಿತೆಂದು ತೋರಿಸುವ ಫಲಿತಾಂಶಗಳನ್ನು ಅದರ ಕೆಳಗೆ ಒಬ್ಬೊಬ್ಬರೂ ಬರೆಯಬೇಕಿತ್ತು.

ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು ‘ಮೂವತ್ತು ರೀಲ್ಸ್’ ಎಂದು ಬರೆದಳು. ಅದು ನೀನು ಮಾಡುವ ಕೆಲಸ, ಅದರಿಂದ ಬರುವ ಫಲಿತಾಂಶ ಅಲ್ಲ ಎಂದು ತುಳುವಿನಲ್ಲೇ ಹೇಳಿ ಹೊಡೆದುಹಾಕಿದೆ. ಈಗ ನೂರು ಅಂಗಡಿಗಳಲ್ಲಿ ಇಪ್ಪತ್ತು ಮಾತ್ರ ಎರಡನೇ ಆರ್ಡರ್ ಕೊಡುತ್ತವೆ, ಅದು ಎಷ್ಟಕ್ಕೆ ಏರುತ್ತದೆಂದು ಬರಿ ಎಂದೆ. ಉಳಿದ ಮೂವರು ಬರೆದದ್ದನ್ನೂ ಹಾಗೆಯೇ ಹೊಡೆದುಹಾಕಿದೆ.

“ಸರಿ ಮೇಡಂ, ಎಷ್ಟು ಹಾಕಬೇಕು, ನೀವೇ ಹೇಳಿ,” ಎಂದಳು ಚಿಕ್ಕವಳು, ಕನ್ನಡದಲ್ಲಿ.

ಹಿಂದಿನ ವಾರದವರೆಗೂ ನಾನು ಅವಳಿಗೆ ಅಕ್ಕ. ನಮ್ಮೈವರ ಮಾತೆಲ್ಲ ತುಳುವೇ. ಮೂವತ್ತೈದು ಎಂದು ನಾನೇ ಹಾಕಿದೆ. ಯಾರೂ ಜಗಳಕ್ಕೆ ಬರಲಿಲ್ಲ. ಬರಬಾರದಿತ್ತೇ ಎಂದು ಸಿಟ್ಟೇ ಬಂತು.

ಆಮೇಲೆ ಪ್ಯಾಂಟ್ರಿಯಿಂದ ನಾಲ್ವರ ತುಳು ಮಾತು, ನಗು ಕೇಳಿಸಿತು. ನಾನೂ ಲೋಟ ಹಿಡಿದು ಹೋದೆ. ಚಿಕ್ಕವಳು ನನ್ನ ಕೈಯ ಲೋಟ ತೆಗೆದುಕೊಂಡು ಕನ್ನಡಕ್ಕೆ ತಿರುಗಿದಳು.

“ಚಹಾ ಉಂಟು ಮೇಡಂ. ನೀವು ಕೂತಲ್ಲಿಗೇ ತಂದುಕೊಡ್ತೇನೆ.”