ಲಂಗರಿಗೆ ತಂದ ಅಂಜಲ್

ಆ ವರ್ಷ ನನಗೆ ಎಷ್ಟು ಸುಸ್ತಾಗಿತ್ತೆಂದರೆ, ಭಾನುವಾರ ಬಂದರೂ ಸಿಟ್ಟು ಬರುತ್ತಿತ್ತು. ವಾರವಿಡೀ ಮಣಿಪಾಲದ ಕಾಲೇಜಿನಲ್ಲಿ ವಿದ್ಯಾರ್ಥಿಗಳಿಗೆ ಸಮಾಜಕಾರ್ಯದ ಪಾಠ, ಸಂಜೆ ಕಾಪುವಿನ ಮನೆಯಲ್ಲಿ ಅಮ್ಮನ ತಲೆಸುತ್ತು, ಮಾತ್ರೆ, ಹಠ. ಅದರ ಮೇಲೆ 'ಧರ್ಮ ಮತ್ತು ಸಮಾಜಸೇವೆ' ಎಂಬ ಹೊಸ ಪಠ್ಯಪತ್ರಿಕೆಗೆ ಒಂದು ಪ್ರಕರಣ ಅಧ್ಯಯನ ಬರೆದುಕೊಡಬೇಕಿತ್ತು. ಸಿಖ್ಖರ ಸೇವೆ ಮತ್ತು ಲಂಗರ್ ಎಂಬ ಸಾಮೂಹಿಕ ಊಟವನ್ನು ನಾನೇ ಆರಿಸಿಕೊಂಡಿದ್ದೆ. ಆರಿಸುವಾಗ ಉತ್ಸಾಹ, ಮಾಡುವಾಗ ಬೇಸರ. ನನ್ನ ಹಣೆಬರಹವೇ ಅಷ್ಟು.

ನಮ್ಮ ಕಡೆ ಸಿಖ್ಖರು ಬೆರಳೆಣಿಕೆಯಷ್ಟು. ಓದಲು ಬಂದವರು, ನಂದಿಕೂರಿನ ಕಡೆ ಕೆಲಸಕ್ಕೆ ಬಂದ ಎಂಜಿನಿಯರುಗಳು, ಅವರ ಮನೆಯವರು. ಅವರೆಲ್ಲ ಸೇರಿ ಮಣಿಪಾಲದಲ್ಲಿ ಒಂದು ಸಭಾಂಗಣ ಬಾಡಿಗೆಗೆ ಹಿಡಿದು, ಗುರುವಿನ ಜನ್ಮದಿನಕ್ಕೆ ಕೀರ್ತನೆ, ಲಂಗರ್ ಇಟ್ಟುಕೊಂಡಿದ್ದರು. ಎಂಜಿನಿಯರೊಬ್ಬರ ತಾಯಿ ನನಗೆ ಪರಿಚಯ. ಫೋನಿನಲ್ಲಿ "ಬನ್ನಿ, ಯಾರನ್ನು ಬೇಕಾದರೂ ಕರೆತನ್ನಿ" ಎಂದರು. ಅಮ್ಮನನ್ನು ಒಬ್ಬಳೇ ಬಿಡುವ ಹಾಗಿರಲಿಲ್ಲ. ಕರೆದುಕೊಂಡು ಹೋಗುವುದೆಂದು ತೀರ್ಮಾನಿಸಿದೆ.

"ಅಲ್ಲಿ ಊಟ ಉಂಟಾ?" ಅಂದಳು ಅಮ್ಮ.

"ಉಂಟು. ಎಲ್ಲರೂ ನೆಲದ ಮೇಲೆ ಒಟ್ಟಿಗೆ ಕೂತು ಊಟ ಮಾಡುವುದು."

"ನಾನು ಕೂರುವುದಿಲ್ಲ. ಅದು ನಿನಗೆ ಗೊತ್ತುಂಟು."

ಗೊತ್ತಿತ್ತು. ಅಮ್ಮ ನಲವತ್ತು ವರ್ಷ ತಲೆಯ ಮೇಲೆ ಬುಟ್ಟಿ ಹೊತ್ತು ಮೀನು ಮಾರಿದವಳು. ಹತ್ತು ವರ್ಷದ ಹುಡುಗಿಯಾಗಿದ್ದಾಗ ಅಜ್ಜಿಯ ಜೊತೆ ಕಾರ್ಕಳದ ಹತ್ತಿರ, ಕುಕ್ಕುಂದೂರಿನ ಒಂದು ದೊಡ್ಡ ಮನೆಯ ಮದುವೆಗೆ ಹೋಗಿದ್ದಳಂತೆ. ಎಲೆ ಹಾಕಿ, ಉಪ್ಪು ಬಡಿಸಿ ಆಗಿತ್ತು. ಬಡಿಸುವವನೊಬ್ಬ ಮೂಗು ಮುರಿದು, ಇವಳಿಂದ ಮೀನಿನ ವಾಸನೆ ಬರುತ್ತದೆ, ಎಬ್ಬಿಸಿ ಎಂದ. ಎದ್ದವಳು ಮತ್ತೆಂದೂ ಯಾವ ಪಂಕ್ತಿಯಲ್ಲೂ ಕೂರಲಿಲ್ಲ. ನನ್ನ ಮದುವೆಯ ದಿನವೂ ಎಲ್ಲರ ಊಟ ಮುಗಿದ ಮೇಲೆ ಅಡುಗೆಮನೆಯ ಮೂಲೆಯಲ್ಲಿ ನಿಂತೇ ಉಂಡಳು. ಆ ದಿನ ನನಗೆ ಅಳು ಬಂದಿತ್ತು. ಆಮೇಲಾಮೇಲೆ ಅದಕ್ಕೂ ಬೇಸರ ಬಂತು.

ಹೊರಡುವ ಮುಂಚಿನ ದಿನ ಅವಳು ಇನ್ನೊಂದು ಪ್ರಶ್ನೆ ಕೇಳಿದ್ದಳು: "ಪಂಜಾಬಿನವರು ಮೀನು ತಿಂತಾರಾ?" ನಾನು ಅಧ್ಯಯನದ ನಮೂನೆಯ ಕೋಷ್ಟಕ ತುಂಬಿಸುತ್ತಾ, ತಲೆ ಎತ್ತದೆ, "ತುಂಬಾ ಜನ ತಿಂತಾರೆ" ಅಂದಿದ್ದೆ. ಉಪಾಧ್ಯಾಯಿನಿಯ ಉತ್ತರ ಸರಿಯಾಗಿಯೇ ಇತ್ತು. ಮಗಳ ಉತ್ತರ ತಪ್ಪಿತ್ತು.

ಬಸ್ಸಿನಲ್ಲಿ ಅವಳ ಕಾಲ ಬಳಿ ಒಂದು ಚೀಲವಿತ್ತು. ವಾಸನೆ ಬಂತು. ಕಾಪುವಿನಿಂದ ಮಣಿಪಾಲದವರೆಗೂ ಅದೇನೆಂದು ಕೇಳುವ ಶಕ್ತಿ ನನಗಿರಲಿಲ್ಲ.

ಸಭಾಂಗಣದ ಬಾಗಿಲಲ್ಲಿ ಒಬ್ಬ ವಯಸ್ಸಾದ ವೈದ್ಯರು ನೆಲದ ಮೇಲೆ ಕೂತು, ಬಂದವರ ಚಪ್ಪಲಿಗಳನ್ನು ಬಟ್ಟೆಯಿಂದ ಒರೆಸಿ ಸಾಲಾಗಿ ಇಡುತ್ತಿದ್ದರು. ಅದೂ ಒಂದು ಸೇವೆ. ಅಮ್ಮ ಚಪ್ಪಲಿ ಕೊಡಲು ನಾಚಿಕೊಂಡಳು. ಅವರು ಕೈಚಾಚಿ ತೆಗೆದುಕೊಂಡರು. ಅವಳು ಸೊಂಟದಲ್ಲಿ ಸಿಕ್ಕಿಸಿದ್ದ ಎಲೆಯಡಿಕೆ, ಹೊಗೆಸೊಪ್ಪಿನ ಪೊಟ್ಟಣವನ್ನು ಒಳಗೆ ಒಯ್ಯಬಾರದೆಂದು ಅಲ್ಲೇ ಇರಿಸಿದೆ. ಕೈಕಾಲು ತೊಳೆದು, ತಲೆಗೆ ಸೆರಗು ಹೊದ್ದು ಒಳಗೆ ಹೋದೆವು. ನಾನು ಗ್ರಂಥ ಸಾಹಿಬ್‌ಗೆ ತಲೆಬಾಗಿ ಏಳುವಷ್ಟರಲ್ಲಿ ಅಮ್ಮ ಮಾಯವಾಗಿದ್ದಳು. ಹುಡುಕಿದರೆ ಅಡುಗೆಯ ಕಡೆಯ ಬಾಗಿಲಲ್ಲಿ ನಿಂತು, ಚೀಲದಿಂದ ಬಾಳೆಲೆಯಲ್ಲಿ ಸುತ್ತಿದ ಅಂಜಲ್ ತೆಗೆದು ಎಂಜಿನಿಯರ ತಾಯಿಯ ಮುಂದೆ ಹಿಡಿದಿದ್ದಳು. ತೋಳಿನಷ್ಟು ಉದ್ದದ ಮೀನು. ಬೆಳಿಗ್ಗೆ ದೋಣಿ ಬರುವ ಹೊತ್ತಿಗೆ ಹೋಗಿ ತಾನೇ ಆರಿಸಿ ತಂದದ್ದು.

ಸುತ್ತಲಿನ ಕೈಗಳೆಲ್ಲ ನಿಂತವು. ಆ ತಾಯಿ ಮೀನನ್ನು ಎರಡೂ ಕೈಯಲ್ಲಿ ಗೌರವದಿಂದ ತೆಗೆದುಕೊಂಡು ಹಿಂದಿಯಲ್ಲಿ ಮೆಲ್ಲಗೆ ಹೇಳಿದರು. ನಾನು ತುಳುವಿನಲ್ಲಿ ಅಮ್ಮನಿಗೆ ಹೇಳಬೇಕಾಯಿತು: ಲಂಗರಿನಲ್ಲಿ ಮೀನು, ಮಾಂಸ ಮಾಡುವುದಿಲ್ಲ. ಯಾವ ಜಾತಿ, ಯಾವ ಧರ್ಮದವರು ಬಂದರೂ ಹಿಂಜರಿಯದೆ ತಿನ್ನುವಂತಿರಬೇಕು, ಅದಕ್ಕೆ.

ಅಮ್ಮನ ಮುಖ ಇಳಿಯಿತು. "ಇಲ್ಲಿಯೂ ಮೀನು ಹೊರಗೆಯಾ? ಹೋಗುವ ಮಾರಾಯ್ತಿ, ಮನೆಗೆ ಹೋಗುವ."

ನನ್ನ ಮೇಲೆಯೇ ನನಗೆ ಅಸಹ್ಯವಾಯಿತು. ಅವಳನ್ನು ಎರಡನೇ ಸಲ ಪಂಕ್ತಿಯಿಂದ ಎಬ್ಬಿಸಿದವಳು ನಾನು.

ನಾನು ಹೇಳದಿದ್ದರೂ ಆ ತಾಯಿಗೆ ಅರ್ಥವಾಗಿರಬೇಕು. ಮಗನನ್ನು ಕರೆದು ಮೀನನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಕಾರಿನಲ್ಲಿಡಲು ಹೇಳಿದರು. "ಬೆಹೆನ್‌ಜಿ, ನಾನು ತಿನ್ನುವುದಿಲ್ಲ, ಇವನು ಮೀನು ಸಿಕ್ಕಿದರೆ ಬಿಡುವುದಿಲ್ಲ. ಸಂಜೆ ನಮ್ಮ ಮನೆಗೆ ಬಂದು ನೀವೇ ಮಾಡಿಕೊಡಿ. ಈಗ ನನಗೆ ನಿಮ್ಮ ಕೈ ಬೇಕು. ರೊಟ್ಟಿಗೆ ಜನ ಸಾಲದು."

"ನನ್ನ ಕೈಯಲ್ಲಿ ಮೀನಿನ ವಾಸನೆ ಉಂಟು ಅಂತ ಹೇಳು ಅವರಿಗೆ," ಅಂದಳು ಅಮ್ಮ. ಅನುವಾದಿಸಿದೆ.

"ತೊಳೆದುಕೊಂಡರೆ ಆಯಿತು. ನನ್ನ ಕೈಯಲ್ಲಿ ಈರುಳ್ಳಿಯದ್ದಿದೆ, ನಾನೂ ತೊಳೆಯಬೇಕು," ಎಂದು ಅವರು ಅಮ್ಮನ ಕೈ ಹಿಡಿದುಕೊಂಡೇ ನಲ್ಲಿಯ ಹತ್ತಿರ ಹೋದರು. ಇಬ್ಬರೂ ಒಂದೇ ಸೋಪಿನಲ್ಲಿ ಕೈ ತೊಳೆದರು.

ಅಮ್ಮ ಹಿಟ್ಟಿನ ಮುಂದೆ ಕೂತಳು. ಮಣಿಪಾಲದಲ್ಲಿ ಓದುವ ಹುಡುಗಿಯರು ಲಟ್ಟಿಸುತ್ತಿದ್ದರು, ಬಾಣಂತಿಯೊಬ್ಬಳು ಬೇಯಿಸಿದ ರೊಟ್ಟಿಗೆ ತುಪ್ಪ ಸವರುತ್ತಿದ್ದಳು, ಬ್ಯಾಂಕಿನ ಅಧಿಕಾರಿಯೊಬ್ಬರು ಪಾತ್ರೆ ತಿಕ್ಕುತ್ತಿದ್ದರು. ಯಾರೂ ಯಾರಿಗೂ ಅಪ್ಪಣೆ ಕೊಡುತ್ತಿರಲಿಲ್ಲ. ಅಡುಗೆಯಾದ ಮೇಲೆ ಪ್ರತಿಯೊಂದರಿಂದಲೂ ಸ್ವಲ್ಪ ತೆಗೆದು ತಟ್ಟೆಯಲ್ಲಿ ಗ್ರಂಥ ಸಾಹಿಬ್‌ನ ಮುಂದಿಟ್ಟರು. ಎಲ್ಲರೂ ಎದ್ದು ನಿಂತು ಅರದಾಸ್ ಎಂಬ ಪ್ರಾರ್ಥನೆ ಮಾಡಿದರು. ಕಿರ್ಪಾಣ ಎಂಬ ಕಿರುಗತ್ತಿಯ ತುದಿ ಮುಟ್ಟಿಸಿದ ಆ ಪಾಲನ್ನು ಮತ್ತೆ ದೊಡ್ಡ ಪಾತ್ರೆಗಳಿಗೇ ಬೆರೆಸಿದರು. ಅಲ್ಲಿಗೆ ದಾಲ್, ಪಲ್ಯ, ಖೀರು ಎಲ್ಲವೂ ಎಲ್ಲರದೂ ಆಯಿತು. ಮೊದಲು ಕಡಾಹ್ ಪ್ರಸಾದ ಹಂಚಿದರು. ಗೋಧಿಹಿಟ್ಟು, ತುಪ್ಪ, ಸಕ್ಕರೆ ಸಮಸಮ. ಬೊಗಸೆಯೊಡ್ಡಿದವರಿಗೆಲ್ಲ ಒಂದೇ ಹಿಡಿ.

ನಾನು ಗೋಡೆಗೊರಗಿ ನಮೂನೆ ತೆಗೆದೆ. ಅದರಲ್ಲಿ ಎರಡು ಕಾಲಂ: ಸೇವೆ ನೀಡುವವರು, ಫಲಾನುಭವಿಗಳು. ಬೆಳಿಗ್ಗೆ ಚಪ್ಪಲಿ ಒರೆಸಿದ ವೈದ್ಯರು ಮೊದಲ ಪಂಕ್ತಿಯಲ್ಲಿ ಕೂತಿದ್ದರು. ಅದೇ ಪಂಕ್ತಿಯಲ್ಲಿ ಬೇಗ ಉಂಡು ಎದ್ದ ಸಭಾಂಗಣದ ಕಾವಲುಗಾರ ಈಗ ನೀರು ಬಡಿಸುತ್ತಿದ್ದ. ಅಮ್ಮನನ್ನು ಎಲ್ಲಿ ಬರೆಯಲಿ? ಇಪ್ಪತ್ತು ವರ್ಷ ಆ ಎರಡು ಕಾಲಂಗಳನ್ನು ಪಾಠ ಮಾಡಿದವಳಿಗೆ ಪೆನ್ನು ಮುಂದೆ ಹೋಗಲಿಲ್ಲ.

ಎರಡನೇ ಪಂಕ್ತಿಗೆ ಜಮಖಾನೆ ಗುಡಿಸಿದರು. ಎಂಜಿನಿಯರ ತಾಯಿ ತಾವೂ ಕೂತು, ಪಕ್ಕದ ಜಾಗವನ್ನು ಅಂಗೈಯಿಂದ ಬಡಿದು ಅಮ್ಮನನ್ನು ನೋಡಿದರು. ಕರೆಯಲಿಲ್ಲ. ಅಮ್ಮ ಸ್ವಲ್ಪ ಹೊತ್ತು ನಿಂತಳು. ಅವಳು ಮೊಣಕಾಲು ಹಿಡಿದುಕೊಂಡು, ನರಳುತ್ತಾ, ನಿಧಾನಕ್ಕೆ ಕೂತಳು.

ತಟ್ಟೆ ಬಂತು. ದಾಲ್ ಬಂತು. ರೊಟ್ಟಿ ಬಡಿಸುವ ಹುಡುಗಿ "ಪ್ರಶಾದಾ ಜೀ" ಎಂದು ಬಗ್ಗಿ ನಿಂತಳು. ಲಂಗರಿನಲ್ಲಿ ರೊಟ್ಟಿಯನ್ನು ತಟ್ಟೆಗೆ ಹಾಕುವುದಿಲ್ಲ, ಎರಡೂ ಕೈಯೊಡ್ಡಿ ಪಡೆಯಬೇಕು. ಅಮ್ಮ ತನ್ನ ಕೈಗಳನ್ನು ಮೂಗಿನ ಹತ್ತಿರ ತಂದು ಮೂಸಿದಳು. ಹುಡುಗಿ ಕಾದಳು. ಅಮ್ಮ ಕೈಯೊಡ್ಡಿದಳು. ಸೋಪು ಹಾಕಿ ತೊಳೆದರೂ ವಾಸನೆ ಇದ್ದೇ ಇತ್ತು ಎಂದು ಆಮೇಲೆ ನನಗೆ ಹೇಳಿದಳು.

ಅಷ್ಟರಲ್ಲಿ ಅವಳ ಕಣ್ಣು ಗೋಡೆಯ ಬಳಿ ನಿಂತಿದ್ದ ನನ್ನ ಮೇಲೆ ಬಿತ್ತು.

"ನೀನು ಎಂತ ನಿಂತದ್ದು?" ಅಂದಳು, ನನ್ನನ್ನು ಸಣ್ಣವಳಿದ್ದಾಗ ಗದರಿಸುತ್ತಿದ್ದ ದನಿಯಲ್ಲಿ. "ಬಚ್ಚಿ ಸುಸ್ತಾದದ್ದು ಮುಖದಲ್ಲೇ ಕಾಣ್ತದೆ. ಬಾ, ಇಲ್ಲಿ ಕೂತ್ಕೋ."

ನಮೂನೆಯನ್ನು ಮಡಚಿ ಚೀಲಕ್ಕೆ ಹಾಕಿ ಅವಳ ಎಡಗಡೆ ಕೂತೆ. ನನಗೆ ಐವತ್ತೆರಡು ವರ್ಷ. ಅಮ್ಮನ ಪಕ್ಕ ಪಂಕ್ತಿಯಲ್ಲಿ ಕೂತು ಉಂಡದ್ದು ಅದೇ ಮೊದಲು.